ಇನ್‌ವಾಯ್ಸ್ ಸ್ಥಿತಿಗಳು ಮತ್ತು ವರಮಾನ ವರದಿ

ಇನ್‌ವಾಯ್ಸ್ ಸ್ಥಿತಿ ಎಂದರೆ ಗ್ರಾಹಕನಿಂದ ಹಣ ಕೇಳಲು ಸಿದ್ಧಪಡಿಸಿದ ಬಿಲ್ಲು ಒಂದು ನಿರ್ದಿಷ್ಟ ದಿನದಂದು ಯಾವ ಹಂತದಲ್ಲಿದೆ ಎಂಬುದನ್ನು ತಿಳಿಸುವ ಗುರುತು. ಗಣಕೀಕೃತ ಬಿಲ್ಲಿಂಗ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಐದು ಸ್ಥಿತಿಗಳು ಕಂಡುಬರುತ್ತವೆ: ಕರಡು, ಬಾಕಿ, ಪಾವತಿಯಾದದ್ದು, ರದ್ದಾದದ್ದು ಮತ್ತು ವಸೂಲಾಗದ್ದು. ಐರ್ಲೆಂಡಿನ ಸಹೋದರರಾದ ಪ್ಯಾಟ್ರಿಕ್ ಕಾಲಿಸನ್ ಮತ್ತು ಜಾನ್ ಕಾಲಿಸನ್ 2010ರಲ್ಲಿ ಸ್ಥಾಪಿಸಿದ ಸ್ಟ್ರೈಪ್ ಎಂಬ ಪಾವತಿ ಸಂಸ್ಥೆಯ ತಂತ್ರಾಂಶದಲ್ಲಿ ಇವು ಕ್ರಮವಾಗಿ `draft`, `open`, `paid`, `void`, `uncollectible` ಎಂಬ ಹೆಸರುಗಳಿಂದ ತೆರೆಯ ಮೇಲೆ ಕಾಣುತ್ತವೆ. ಬೇರೆ ತಂತ್ರಾಂಶಗಳಲ್ಲಿ ಹೆಸರುಗಳು ಸ್ವಲ್ಪ ಬದಲಾದರೂ ವಿಂಗಡಣೆಯ ತರ್ಕ ಹೆಚ್ಚುಕಡಿಮೆ ಇದೇ.

ಈ ಸ್ಥಿತಿಗಳು ಹುಟ್ಟಿಕೊಂಡದ್ದು ಹಣ ವಸೂಲಿಯ ಅನುಕೂಲಕ್ಕಾಗಿ. ಯಾರಿಗೆ ನೆನಪೋಲೆ ಕಳುಹಿಸಬೇಕು, ಯಾರಿಂದ ಹಣ ಬಂದಿದೆ ಎಂಬುದನ್ನು ಅವು ಹೇಳುತ್ತವೆ. ಸಂಸ್ಥೆ ಆ ತಿಂಗಳು ಎಷ್ಟು ಗಳಿಸಿತು ಎಂಬ ಪ್ರಶ್ನೆಗೆ ಅವು ನೇರವಾಗಿ ಉತ್ತರಿಸುವುದಿಲ್ಲ. ಆದರೂ ವರಮಾನ ವರದಿಯನ್ನು ಸ್ಥಿತಿಗಳ ಆಧಾರದ ಮೇಲೆ ಸೋಸಿ ತೆಗೆಯುವ ರೂಢಿ ವ್ಯಾಪಕವಾಗಿದೆ. ಅದರಿಂದ ಹುಟ್ಟುವ ತಪ್ಪುಗಳಲ್ಲಿ ಹೆಚ್ಚಿನವು ರದ್ದಾದ ಬಿಲ್ಲನ್ನೂ ವಸೂಲಾಗದ ಬಿಲ್ಲನ್ನೂ ಒಂದೇ ಎಂದು ಭಾವಿಸುವುದರಿಂದ ಬರುತ್ತವೆ.

## ಸ್ಥಿತಿಗಳ ನಡುವಿನ ಚಲನೆ

ಇನ್‌ವಾಯ್ಸ್ ಮೊದಲು ಕರಡಾಗಿ ಸಿದ್ಧವಾಗುತ್ತದೆ. ಕರಡಿನ ಮೊತ್ತ, ಹೆಸರು, ಸಾಲುಗಳನ್ನು ತಿದ್ದಬಹುದು. ಬೇಡವೆನಿಸಿದರೆ ಅಳಿಸಿಯೇ ಬಿಡಬಹುದು. ಅದನ್ನು ಅಂತಿಮಗೊಳಿಸಿದಾಗ ಕ್ರಮಸಂಖ್ಯೆ ದೊರೆತು ಅದು ಬಾಕಿ ಸ್ಥಿತಿಗೆ ಬರುತ್ತದೆ. ಅಲ್ಲಿಂದ ಮುಂದೆ ಅದನ್ನು ಅಳಿಸಲಾಗದು. ಸ್ಟ್ರೈಪ್ ವ್ಯವಸ್ಥೆಯಲ್ಲಿ ಅನುಮತಿಸಿರುವ ಚಲನೆಗಳು ಇಷ್ಟು:

```
draft → open
open → paid
open → void
open → uncollectible
uncollectible → paid
uncollectible → void
```

ಪಾವತಿಯಾದದ್ದು ಮತ್ತು ರದ್ದಾದದ್ದು ಕೊನೆಯ ಸ್ಥಿತಿಗಳು; ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ. ವಸೂಲಾಗದ್ದು ಕೊನೆಯ ಸ್ಥಿತಿಯಲ್ಲ. ಕೈಬಿಟ್ಟ ಹಣ ಮುಂದೆಂದೋ ಬರಬಹುದು ಎಂಬ ಸಾಧ್ಯತೆಯನ್ನು ವ್ಯವಸ್ಥೆ ಉಳಿಸಿಕೊಂಡಿದೆ. ಈ ಒಂದು ವ್ಯತ್ಯಾಸವೇ ಎರಡು ಸ್ಥಿತಿಗಳ ಸ್ವಭಾವವನ್ನು ಸೂಚಿಸುತ್ತದೆ: ರದ್ದಾದ ಬಿಲ್ಲಿನ ಹಿಂದೆ ಸಾಲವೇ ಇಲ್ಲ, ವಸೂಲಾಗದ ಬಿಲ್ಲಿನ ಹಿಂದೆ ಸಾಲ ಇನ್ನೂ ಇದೆ, ಬರುವ ಭರವಸೆ ಮಾತ್ರ ಇಲ್ಲ.

ಗ್ರಾಹಕ ಅರ್ಧ ಹಣವನ್ನಷ್ಟೇ ಕೊಟ್ಟರೆ ಬಿಲ್ಲು ಬಾಕಿ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಬಾಕಿ ಬಿಲ್ಲುಗಳ ಪೂರ್ಣ ಮೊತ್ತವನ್ನು ಕೂಡಿ 'ಬರಬೇಕಾದ ಹಣ' ಎಂದು ಬರೆದರೆ ಲೆಕ್ಕ ಹೆಚ್ಚಾಗುತ್ತದೆ. ಕೂಡಬೇಕಾದದ್ದು `amount_remaining` ಎಂಬ ಅಂಕಣದಲ್ಲಿರುವ ಉಳಿಕೆಯನ್ನು.

## ಒಂದು ಉದಾಹರಣೆ

ಅಂಗಡಿಗಳ ದಾಸ್ತಾನು ಲೆಕ್ಕವಿಡುವ ತಂತ್ರಾಂಶವನ್ನು ಒಂದು ಚಿಕ್ಕ ಸಂಸ್ಥೆ ಹತ್ತು ಅಂಗಡಿಗಳಿಗೆ ಒದಗಿಸುತ್ತಿದೆ ಎಂದಿಟ್ಟುಕೊಳ್ಳೋಣ. ಪ್ರತಿ ಅಂಗಡಿಗೆ ತಿಂಗಳಿಗೆ ₹1,000 ಶುಲ್ಕ. ಅದರ ಮೇಲೆ ಶೇಕಡಾ 18ರಂತೆ ₹180 ಜಿಎಸ್‌ಟಿ. ತೆರಿಗೆ ಸರ್ಕಾರದ ಹಣ, ವರಮಾನವಲ್ಲ. ಆದ್ದರಿಂದ ಮುಂದಿನ ಲೆಕ್ಕದಲ್ಲಿ ಬೇರೆ ಹೇಳದಿದ್ದರೆ ಮೊತ್ತಗಳೆಲ್ಲ ತೆರಿಗೆ ಬಿಟ್ಟು ಬರೆದವು. 2025ರ ಮಾರ್ಚ್ 1ರಂದು ಸಂಸ್ಥೆ ಹನ್ನೊಂದು ಇನ್‌ವಾಯ್ಸ್‌ಗಳನ್ನು ಸಿದ್ಧಪಡಿಸಿತು.

ಆರು ಅಂಗಡಿಗಳು ತಿಂಗಳ ಶುಲ್ಕವನ್ನು ಮಾರ್ಚ್‌ನಲ್ಲಿಯೇ ಕೊಟ್ಟವು: ₹6,000. ಏಳನೆಯ ಅಂಗಡಿ ಒಂದು ವರ್ಷದ ಶುಲ್ಕವನ್ನು ಒಟ್ಟಿಗೇ ಕೊಟ್ಟಿತು: ₹12,000. ಎಂಟನೆಯ ಅಂಗಡಿಯ ಬಿಲ್ಲು ಬಾಕಿ ಉಳಿದು ಏಪ್ರಿಲ್ 10ರಂದು ಪಾವತಿಯಾಯಿತು. ಒಂಬತ್ತನೆಯ ಅಂಗಡಿಯೂ ಮಾರ್ಚ್ ತಿಂಗಳೆಲ್ಲ ತಂತ್ರಾಂಶವನ್ನು ಬಳಸಿತು, ಆದರೆ ಹಣ ಕೊಡಲಿಲ್ಲ; ಏಪ್ರಿಲ್‌ನಿಂದ ಅದರ ಸೇವೆ ನಿಂತಿತು, ಜೂನ್‌ನಲ್ಲಿ ಬಿಲ್ಲನ್ನು ವಸೂಲಾಗದ್ದು ಎಂದು ಗುರುತಿಸಲಾಯಿತು. ಹತ್ತನೆಯ ಅಂಗಡಿಯ ಜಿಎಸ್‌ಟಿ ನೋಂದಣಿ ಸಂಖ್ಯೆ ಕೈಗೆ ಬಾರದ ಕಾರಣ ಅದರ ಬಿಲ್ಲು ಮಾರ್ಚ್ 31ರಂದೂ ಕರಡಾಗಿಯೇ ಇತ್ತು, ಸೇವೆ ಮಾತ್ರ ಸಲ್ಲುತ್ತಿತ್ತು. ಹನ್ನೊಂದನೆಯ ಇನ್‌ವಾಯ್ಸ್ ಮೊದಲ ಅಂಗಡಿಗೆ ಕಣ್ತಪ್ಪಿನಿಂದ ಎರಡನೆಯ ಸಲ ಹೋದದ್ದು. ಅದು ಬಾಕಿಯಾಗಿದ್ದು, ಏಪ್ರಿಲ್ 5ರಂದು ರದ್ದಾಯಿತು.

ಮಾರ್ಚ್ ತಿಂಗಳ ವರಮಾನ ಎಷ್ಟು? ಹನ್ನೊಂದೂ ಬಿಲ್ಲುಗಳನ್ನು ಕೂಡಿದರೆ ₹22,000. ಕರಡನ್ನು ಬಿಟ್ಟರೆ ₹21,000. ಪಾವತಿಯಾದವನ್ನು ಮಾತ್ರ ಮಾರ್ಚ್ 31ರಂದು ಕೂಡಿದರೆ ₹18,000. ಈ ಮೂರೂ ಸರಿಯಲ್ಲ. ಹತ್ತು ಅಂಗಡಿಗಳು ತಿಂಗಳಿಗೆ ಸಾವಿರ ರೂಪಾಯಿ ಬೆಲೆಯ ಸೇವೆಯನ್ನು ಪಡೆದಿವೆ. ಆದ್ದರಿಂದ ವರಮಾನ ₹10,000. ಇದು ಬಾಯಿಲೆಕ್ಕದಲ್ಲಿಯೇ ತಿಳಿಯುವಂಥದ್ದು. ಸ್ಥಿತಿಗಳ ಮೂಲಕ ಹೋದಾಗ ಇದೇ ಉತ್ತರ ಬರುತ್ತದೆಯೇ ಎಂಬುದೇ ವರದಿಯ ಪರೀಕ್ಷೆ.

## ಕರಡು

ಕರಡು ಇನ್‌ವಾಯ್ಸ್ ಗ್ರಾಹಕನನ್ನು ತಲುಪಿಲ್ಲ. ಅದರಿಂದ ಯಾರ ಮೇಲೂ ಸಾಲ ಹುಟ್ಟುವುದಿಲ್ಲ. ಬಿಲ್ಲಿಂಗ್ ಮೊತ್ತದಲ್ಲಾಗಲಿ ಬರಬೇಕಾದ ಬಾಕಿಯಲ್ಲಾಗಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಕರಡನ್ನು ಕೈಬಿಡುವುದೂ ಅದರ ಹಿಂದಿನ ಸೇವೆಯನ್ನು ಕೈಬಿಡುವುದೂ ಒಂದೇ ಅಲ್ಲ. ಹತ್ತನೆಯ ಅಂಗಡಿಗೆ ಮಾರ್ಚ್‌ನ ಸೇವೆ ಸಂದಿದೆ. ಅದರ ₹1,000 ಅನ್ನು 'ಬಿಲ್ಲಾಗದ ವರಮಾನ' ಎಂಬ ಪ್ರತ್ಯೇಕ ಖಾತೆಯಲ್ಲಿ ಮಾರ್ಚ್‌ಗೇ ಸೇರಿಸಬೇಕು; ಏಪ್ರಿಲ್‌ನಲ್ಲಿ ಬಿಲ್ಲು ಅಂತಿಮವಾದಾಗ ಆ ಖಾತೆಯಿಂದ ಗ್ರಾಹಕನ ಖಾತೆಗೆ ವರ್ಗಾಯಿಸಬೇಕು. ಹಾಗೆ ಮಾಡದಿದ್ದರೆ ಮಾರ್ಚ್‌ನ ವರಮಾನ ಏಪ್ರಿಲ್‌ಗೆ, ಅಂದರೆ ಮುಂದಿನ ಆರ್ಥಿಕ ವರ್ಷಕ್ಕೆ ಜಾರುತ್ತದೆ. ಪ್ರದರ್ಶನಕ್ಕಾಗಿ ತಯಾರಿಸಿದ ಬಿಲ್ಲು, ಗ್ರಾಹಕನೇ ಆಗದವನ ಹೆಸರಿನ ಬಿಲ್ಲು ಮುಂತಾದ ಕರಡುಗಳಿಗೆ ಇದು ಅನ್ವಯಿಸದು. ತಿಂಗಳ ಕೊನೆಗೆ ಉಳಿದ ಕರಡುಗಳನ್ನು ಒಂದೊಂದಾಗಿ ತೆರೆದು ನೋಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಚಂದಾ ಬಿಲ್ಲುಗಳನ್ನು ಸ್ಟ್ರೈಪ್ ತಾನೇ ಸೃಷ್ಟಿಸಿದಾಗ ಅವು ಸುಮಾರು ಒಂದು ಗಂಟೆ ಕರಡಾಗಿದ್ದು ಆಮೇಲೆ ಅಂತಿಮಗೊಳ್ಳುತ್ತವೆ. ತಿಂಗಳ ಕೊನೆಯ ದಿನ ರಾತ್ರಿ ಹನ್ನೊಂದೂವರೆಗೆ ಹುಟ್ಟಿದ ಬಿಲ್ಲು ಹೀಗೆ ಮರುತಿಂಗಳಲ್ಲಿ ಅಂತಿಮವಾಗುವುದುಂಟು.

## ಬಾಕಿ ಮತ್ತು ಪಾವತಿಯಾದದ್ದು

ಸಂಚಿತ ಪದ್ಧತಿಯ ಲೆಕ್ಕದಲ್ಲಿ, ಅಂದರೆ ಹಣ ಬಂದಾಗಲ್ಲದೆ ಗಳಿಕೆಯಾದಾಗಲೇ ವರಮಾನವನ್ನು ಬರೆಯುವ ಪದ್ಧತಿಯಲ್ಲಿ, ಬಾಕಿ ಬಿಲ್ಲು ಪಾವತಿಯಾಗುವುದರಿಂದ ವರಮಾನ ಬದಲಾಗುವುದಿಲ್ಲ. ಎಂಟನೆಯ ಅಂಗಡಿಯ ₹1,000 ಮಾರ್ಚ್‌ನದೇ. ಏಪ್ರಿಲ್ 10ರಂದು ಆದದ್ದು ಇಷ್ಟೇ: ಬರಬೇಕಾದ ಬಾಕಿ ಕಡಿಮೆಯಾಗಿ ಬ್ಯಾಂಕಿನ ಶಿಲ್ಕು ಹೆಚ್ಚಾಯಿತು.

ಪಾವತಿಯಾದದ್ದೆಲ್ಲ ವರಮಾನವೆಂದು ನಂಬುವುದು ಸಹಜ, ಆದರೆ ಏಳನೆಯ ಅಂಗಡಿ ಆ ನಂಬಿಕೆಗೆ ಅಡ್ಡ ನಿಲ್ಲುತ್ತದೆ. ಅದು ಕೊಟ್ಟ ₹12,000ರಲ್ಲಿ ಮಾರ್ಚ್‌ಗೆ ಸಲ್ಲುವುದು ₹1,000 ಮಾತ್ರ. ಉಳಿದ ₹11,000 ಮುಂದೆ ಸೇವೆ ಸಲ್ಲಿಸುವ ಹೊಣೆ. ಅಡಾವೆ ಪತ್ರಿಕೆಯಲ್ಲಿ ಅದು ಹೊಣೆಗಾರಿಕೆಗಳ ಭಾಗದಲ್ಲಿ ಕುಳಿತು ತಿಂಗಳಿಗೆ ಸಾವಿರದಂತೆ ಕರಗಬೇಕು. 'ಪಾವತಿಯಾಗಿದೆ' ಎಂಬ ಸ್ಥಿತಿ ಈ ಹಂಚಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿಲ್ಲಿನ ಸಾಲಿನಲ್ಲಿರುವ ಸೇವಾ ಅವಧಿಯನ್ನೇ ನೋಡಬೇಕು. ಪಾವತಿಯಾದ ಬಿಲ್ಲಿನ ಹಣವನ್ನು ಆಮೇಲೆ ಹಿಂದಿರುಗಿಸಿದರೂ ಅದರ ಸ್ಥಿತಿ `paid` ಎಂದೇ ಉಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಕಡಿತವನ್ನು ತೋರಿಸುವುದು ಪ್ರತ್ಯೇಕ ಕ್ರೆಡಿಟ್ ನೋಟ್. ಅದನ್ನು ಕಳೆಯದ ವರದಿ ವಾಪಸಾದ ಮಾರಾಟವನ್ನೂ ಮಾರಾಟವೆಂದೇ ಎಣಿಸುತ್ತದೆ.

## ರದ್ದಾದದ್ದು

ರದ್ದು ಮಾಡುವುದೆಂದರೆ ಆ ಬಿಲ್ಲು ಹೊರಡಲೇಬಾರದಿತ್ತು ಎಂದು ಒಪ್ಪಿಕೊಳ್ಳುವುದು. ಎರಡು ಸಲ ಹೋದ ಬಿಲ್ಲು, ತಪ್ಪು ಗ್ರಾಹಕನ ಹೆಸರು, ತಪ್ಪು ಮೊತ್ತ ಇವು ಅದಕ್ಕೆ ತಕ್ಕ ಕಾರಣಗಳು. ರದ್ದಾದ ಬಿಲ್ಲಿನ ಮೌಲ್ಯ ವರದಿಯಲ್ಲಿ ಶೂನ್ಯ. ಆದರೆ ಬಿಲ್ಲು ದಾಖಲೆಯಲ್ಲಿ ಉಳಿಯುತ್ತದೆ. ಶಾಲೆಯ ಶುಲ್ಕ ರಸೀದಿ ಪುಸ್ತಕವನ್ನು ನಿರ್ವಹಿಸಿದವರಿಗೆ ಈ ಶಿಸ್ತು ಹೊಸದಲ್ಲ: ತಪ್ಪಿದ ರಸೀದಿಯನ್ನು ಹರಿದು ಎಸೆಯುವಂತಿಲ್ಲ, ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಪುಸ್ತಕದಲ್ಲಿಯೇ ಇಡಬೇಕು. ನಡುವೆ ಒಂದು ಸಂಖ್ಯೆ ಕಾಣೆಯಾಗಿದ್ದರೆ ತಪಾಸಣೆಗೆ ಬಂದವರ ಬೆರಳು ಅಲ್ಲಿಯೇ ನಿಲ್ಲುತ್ತದೆ.

ಜಿಎಸ್‌ಟಿ ನಿಯಮಗಳಲ್ಲಿ 46ನೆಯದು ಇದೇ ಶಿಸ್ತನ್ನು ವಿಧಿಸುತ್ತದೆ. ತೆರಿಗೆ ಇನ್‌ವಾಯ್ಸ್‌ನ ಕ್ರಮಸಂಖ್ಯೆ ಅನುಕ್ರಮವಾಗಿರಬೇಕು, ಆ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು, 16 ಅಕ್ಷರಗಳನ್ನು ಮೀರಬಾರದು. ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1ರ 13ನೆಯ ಕೋಷ್ಟಕದಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ದಾಖಲೆಗಳು ಹೊರಟಿವೆ, ಅವುಗಳಲ್ಲಿ ರದ್ದಾದವೆಷ್ಟು ಎಂಬುದನ್ನು ತೋರಿಸಬೇಕು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶದಲ್ಲಿ ವೋಚರನ್ನು ರದ್ದು ಮಾಡಲು `Alt+X`, ಅಳಿಸಲು `Alt+D` ಎಂಬ ಬೇರೆ ಬೇರೆ ಕೀಲಿಗಳಿರುವುದು ಈ ವ್ಯತ್ಯಾಸಕ್ಕಾಗಿಯೇ: ಮೊದಲನೆಯದರಲ್ಲಿ ಸಂಖ್ಯೆ ಉಳಿದು ಮೊತ್ತ ಹೋಗುತ್ತದೆ, ಎರಡನೆಯದರಲ್ಲಿ ವೋಚರೇ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವೂ ಜಾರಿಯಲ್ಲಿದೆ.

ನಮ್ಮ ಉದಾಹರಣೆಯಲ್ಲಿ ಎರಡನೆಯ ಸಲ ಹೋದ ಬಿಲ್ಲು ಮಾರ್ಚ್ 31ರಂದು ಬಾಕಿಯಾಗಿತ್ತು, ಏಪ್ರಿಲ್ 5ರಂದು ರದ್ದಾಯಿತು. ಆಗಿನ್ನೂ ಮಾರ್ಚ್‌ನ ಜಿಎಸ್‌ಟಿಆರ್-1 ಸಲ್ಲಿಕೆಯಾಗಿರಲಿಲ್ಲ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಅದರ ಗಡುವು ಏಪ್ರಿಲ್ 11. ವರ್ಷದ ಲೆಕ್ಕವೂ ಅಖೈರಾಗಿರಲಿಲ್ಲ. ಆದ್ದರಿಂದ ಮಾರ್ಚ್‌ನ ಪುಸ್ತಕದಲ್ಲಿಯೇ ತಿದ್ದುವುದು ಸರಿ. ಅಡಾವೆ ದಿನಾಂಕದಂದೇ ಇದ್ದ ತಪ್ಪು ಆಮೇಲೆ ತಿಳಿದುಬಂದಾಗ ಆ ವರ್ಷದ ಲೆಕ್ಕವನ್ನೇ ಸರಿಪಡಿಸಬೇಕೆಂಬುದು ಲೆಕ್ಕಶಾಸ್ತ್ರದ ಒಪ್ಪಿತ ಕ್ರಮ. ಇದೇ ತಪ್ಪು ವಿವರಪಟ್ಟಿ ಸಲ್ಲಿಸಿದ ಮೇಲೆ ತಿಳಿದಿದ್ದರೆ ಸ್ಥಿತಿಯನ್ನು ಸುಮ್ಮನೆ ಬದಲಿಸಿದರೆ ಸಾಲದು. ಕ್ರೆಡಿಟ್ ನೋಟ್ ಅಥವಾ ವಿಧಿವತ್ತಾದ ತಿದ್ದುಪಡಿ ಬೇಕಾಗುತ್ತದೆ. ವಾರ್ಷಿಕ ವಹಿವಾಟು ₹5 ಕೋಟಿ ಮೀರಿ ಇ-ಇನ್‌ವಾಯ್ಸ್ ಕಡ್ಡಾಯವಾದವರಿಗೆ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆಗಳ ಅವಕಾಶವಷ್ಟೇ ಇದೆ.

## ವಸೂಲಾಗದ್ದು

ಒಂಬತ್ತನೆಯ ಅಂಗಡಿಯ ಕಥೆ ಬೇರೆ. ಬಿಲ್ಲಿನಲ್ಲಿ ತಪ್ಪಿಲ್ಲ, ಸೇವೆ ಸಂದಿದೆ, ಮಾರಾಟ ನಡೆದಿದೆ. ಕೆಟ್ಟದ್ದು ವಸೂಲಿ ಮಾತ್ರ. ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಲೆಕ್ಕಪತ್ರ ಮಾನದಂಡಗಳಲ್ಲಿ ಎಎಸ್ 9 ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಹಣ ಬರುವ ಬಗ್ಗೆ ಅನುಮಾನ ಮಾರಾಟದ ನಂತರ ಹುಟ್ಟಿದರೆ, ಮೊದಲು ಬರೆದ ವರಮಾನವನ್ನು ತಿದ್ದುವ ಬದಲು ಆ ನಷ್ಟಕ್ಕೆ ಬೇರೆಯಾಗಿ ಏರ್ಪಾಡು ಮಾಡಬೇಕು. ಹೀಗಾಗಿ ಮಾರ್ಚ್‌ನ ₹1,000 ವರಮಾನ ಅಲ್ಲಿಯೇ ಉಳಿಯುತ್ತದೆ. ಜೂನ್ ತಿಂಗಳ ವೆಚ್ಚದ ಭಾಗದಲ್ಲಿ 'ಮುಳುಗಿದ ಸಾಲ' ಎಂಬ ಹೊಸ ಸಾಲು ಕಾಣಿಸಿಕೊಳ್ಳುತ್ತದೆ. ಸೇವೆ ಆರಂಭಿಸುವಾಗಲೇ ಹಣ ಬರದೆಂದು ತಿಳಿದಿದ್ದರೆ ವರಮಾನವನ್ನು ಮೊದಲೇ ಬರೆಯಬಾರದಿತ್ತು ಎಂಬುದು ಬೇರೆ ಮಾತು. ಹಣ ಕೊಡದ ಅಂಗಡಿಗೆ ಏಪ್ರಿಲ್, ಮೇ, ಜೂನ್ ಎಂದು ಬಿಲ್ಲು ಕಳುಹಿಸುತ್ತಲೇ ಹೋಗಿ ವರಮಾನವನ್ನು ಉಬ್ಬಿಸುವುದಕ್ಕೆ ಈ ಮಾನದಂಡ ಆಸರೆಯಾಗುವುದಿಲ್ಲ.

ಮುಳುಗಿದ ಸಾಲದ ಮೊತ್ತ ₹1,000 ಅಲ್ಲ, ₹1,180. ಸಂಸ್ಥೆ ತನಗೆ ಬಾರದ ₹180 ತೆರಿಗೆಯನ್ನು ಮಾರ್ಚ್‌ನ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟಿಯಾಗಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಕ್ರೆಡಿಟ್ ನೋಟ್ ಕೊಡಲು ಕಾರಣಗಳಿರಬೇಕು: ಬಿಲ್ಲಿನಲ್ಲಿ ಮೌಲ್ಯ ಅಥವಾ ತೆರಿಗೆ ಹೆಚ್ಚಾಗಿರುವುದು, ಸರಕು ವಾಪಸಾಗಿರುವುದು, ಸರಕು ಅಥವಾ ಸೇವೆಯಲ್ಲಿ ಕೊರತೆಯಿರುವುದು. ಗ್ರಾಹಕ ಹಣ ಕೊಡಲಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ.

ಇಲ್ಲಿಯೇ ಪ್ರಲೋಭನೆ ಹುಟ್ಟುತ್ತದೆ. ತೆರೆಯ ಮೇಲೆ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿವೆ. 'ವಸೂಲಾಗದ್ದು' ಎಂದು ಒತ್ತುವ ಬದಲು 'ರದ್ದು' ಒತ್ತಿದರೆ ಸಾಲವೂ ಹೋಗುತ್ತದೆ, ತೆರಿಗೆಯೂ ಹೋದಂತೆ ಕಾಣುತ್ತದೆ, ನಷ್ಟದ ಸಾಲೂ ಕಾಣಿಸುವುದಿಲ್ಲ. ಆದರೆ ನಡೆದ ಮಾರಾಟವನ್ನು ನಡೆದೇ ಇಲ್ಲವೆಂದು ಅದು ಸಾರುತ್ತದೆ. ಆ ಅಂಗಡಿ ಅದೇ ಬಿಲ್ಲಿನ ಮೇಲೆ ₹180 ಹೂಡುವಳಿ ತೆರಿಗೆ ಜಮೆಯನ್ನು ಪಡೆದಿದ್ದರೆ ಎರಡು ಕಡೆಯ ವಿವರಗಳು ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲವನ್ನು ಕೇಳುವ ಹಕ್ಕಿನ ದಾಖಲೆಯನ್ನೇ ಸಂಸ್ಥೆ ಕೈಯಾರೆ ಅಳಿಸಿಕೊಂಡಂತಾಗುತ್ತದೆ. ಸೇವೆಯ ಬೆಲೆಯನ್ನು ತೆರಿಗೆಸಹಿತ 180 ದಿನಗಳೊಳಗೆ ಕೊಡದ ಖರೀದಿದಾರ ತಾನು ಪಡೆದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂದು ಕಾಯ್ದೆಯ 16ನೆಯ ಕಲಮು ಹೇಳುತ್ತದೆ. ಮಾರಿದವನ ಕೈಯಲ್ಲಿ ಇದೊಂದು ಒತ್ತಡದ ಸಾಧನ. ಬಿಲ್ಲು ರದ್ದಾದರೆ ಅದೂ ಕೈತಪ್ಪುತ್ತದೆ.

ಆದಾಯ ತೆರಿಗೆಯ ದೃಷ್ಟಿಯಿಂದಲೂ ಮುಳುಗಿದ ಸಾಲವೆಂದು ಬರೆಯುವುದೇ ಕ್ರಮ. 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 36(1)(vii) ಕಲಮು ಪುಸ್ತಕದಲ್ಲಿ ವಜಾ ಬರೆದ ಸಾಲವನ್ನು ಆ ವರ್ಷದ ಆದಾಯದಿಂದ ಕಳೆಯಲು ಅವಕಾಶ ಕೊಡುತ್ತದೆ. ಆ ಸಾಲ ಹಿಂದೆ ಆದಾಯವಾಗಿ ಲೆಕ್ಕಕ್ಕೆ ಬಂದಿರಬೇಕೆಂಬುದು ಷರತ್ತು. ಸಾಲ ನಿಜವಾಗಿಯೂ ಮುಳುಗಿದೆಯೆಂದು ಸಾಬೀತುಪಡಿಸಬೇಕಿಲ್ಲ, ವಜಾ ಬರೆದರೆ ಸಾಕು ಎಂದು ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿದೆ.

ಒಂಬತ್ತನೆಯ ಅಂಗಡಿ ಸೆಪ್ಟೆಂಬರ್‌ನಲ್ಲಿ ₹1,180 ತಂದುಕೊಟ್ಟರೆ ಬಿಲ್ಲಿನ ಸ್ಥಿತಿ ವಸೂಲಾಗದ್ದರಿಂದ ಪಾವತಿಯಾದದ್ದಕ್ಕೆ ಹೋಗುತ್ತದೆ. ಅದು ಸೆಪ್ಟೆಂಬರ್‌ನ ಹೊಸ ಮಾರಾಟವಲ್ಲ. 'ಮುಳುಗಿದ ಸಾಲದ ವಸೂಲಿ' ಎಂದು ಇತರ ಆದಾಯದಲ್ಲಿ ಬರೆಯಬೇಕು. ಪಾವತಿಯ ದಿನಾಂಕವನ್ನೇ ಹಿಡಿದು ವರಮಾನ ಕೂಡುವ ವರದಿ ಇಲ್ಲಿ ಮಾರ್ಚ್‌ನಲ್ಲಿ ಆಗಲೇ ವರಮಾನವಾಗಿ ಬರೆದ ಸಾವಿರವನ್ನು ಸೆಪ್ಟೆಂಬರ್‌ನ ವರಮಾನವೆಂದು ಎಣಿಸುತ್ತದೆ.

## ಹಳೆಯ ತಿಂಗಳು ಬದಲಾಗುವ ದೋಷ

ಬಿಲ್ಲಿನ ಮೇಲೆ ಕಾಣುವ ಸ್ಥಿತಿ ಇಂದಿನದು, ಮಾರ್ಚ್ 31ರದಲ್ಲ. ಬಾಕಿ ಮತ್ತು ಪಾವತಿಯಾದ ಬಿಲ್ಲುಗಳನ್ನು ಮಾತ್ರ ಕೂಡುವ ವರದಿಯೊಂದನ್ನು ಮಾರ್ಚ್‌ಗಾಗಿ ಬರೆದಿದ್ದಾರೆ ಎನ್ನೋಣ. ಮಾರ್ಚ್ 31ರಂದು ಅದು ₹21,000 ತೋರಿಸುತ್ತದೆ. ಏಪ್ರಿಲ್ 6ರಂದು ₹20,000, ಏಕೆಂದರೆ ಒಂದು ಬಿಲ್ಲು ರದ್ದಾಗಿದೆ. ಜೂನ್ ಕೊನೆಗೆ ₹19,000, ಏಕೆಂದರೆ ಇನ್ನೊಂದು ಬಿಲ್ಲು ವಸೂಲಾಗದ್ದಾಗಿದೆ. ಮುಗಿದುಹೋದ ತಿಂಗಳು ಹೀಗೆ ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತದೆ. ಮೊದಲ ಇಳಿಕೆ ನ್ಯಾಯವಾದದ್ದು, ಎರಡನೆಯದು ತಪ್ಪು; ಆದರೆ ವರದಿಗೆ ಎರಡೂ ಒಂದೇ.

ಸ್ಟ್ರೈಪ್ ಪ್ರತಿ ಬಿಲ್ಲಿನ `status_transitions` ಎಂಬ ಭಾಗದಲ್ಲಿ ಸ್ಥಿತಿ ಬದಲಾದ ಸಮಯಗಳನ್ನು ಉಳಿಸುತ್ತದೆ: `finalized_at`, `paid_at`, `voided_at`, `marked_uncollectible_at`. ಒಂದು ದಿನಾಂಕದಂದು ಏನಿತ್ತು ಎಂಬುದನ್ನು ಇವುಗಳಿಂದ ಮತ್ತೆ ಕಟ್ಟಬಹುದು. ಆ ದಿನದೊಳಗೆ ಅಂತಿಮವಾದ ಬಿಲ್ಲುಗಳನ್ನೆಲ್ಲ ತೆಗೆದುಕೊಂಡು, ಆ ದಿನದೊಳಗೇ ರದ್ದಾದವನ್ನು ಬಿಟ್ಟು, ವಸೂಲಾಗದವನ್ನು ಬಿಡದೆ ಉಳಿಸಿಕೊಳ್ಳಬೇಕು. ಆಮೇಲೆ ನಡೆದ ರದ್ದತಿಗಳು ಪ್ರತ್ಯೇಕ ಪಟ್ಟಿಯಾಗಿ ಹೊರಬರಬೇಕು. ಅವುಗಳಲ್ಲಿ ಯಾವುದನ್ನು ಹಿಂದಿನ ತಿಂಗಳಿಗೆ ಒಯ್ಯಬೇಕು, ಯಾವುದನ್ನು ಈ ತಿಂಗಳ ಕಡಿತವಾಗಿ ತೋರಿಸಬೇಕು ಎಂಬುದನ್ನು ಲೆಕ್ಕಿಗರು ನಿರ್ಧರಿಸಬೇಕು. ತಂತ್ರಾಂಶಕ್ಕೆ ಆ ತೀರ್ಮಾನವನ್ನು ಬಿಡಲಾಗದು.

ಹೀಗೆ ಕಟ್ಟಿದ ಮಾರ್ಚ್ ಲೆಕ್ಕ ಹೀಗಿರುತ್ತದೆ. ಅಂತಿಮಗೊಂಡ ಹತ್ತು ಬಿಲ್ಲುಗಳ ಮೊತ್ತ ₹21,000. ಎರಡು ಸಲ ಹೋದ ಬಿಲ್ಲಿನ ₹1,000 ಕಳೆದರೆ ₹20,000. ಏಳನೆಯ ಅಂಗಡಿಯ ಮುಂದಿನ ಹನ್ನೊಂದು ತಿಂಗಳ ₹11,000 ಕಳೆದರೆ ₹9,000. ಕರಡಿನ ಹಿಂದೆ ಸಂದ ಸೇವೆಯ ₹1,000 ಕೂಡಿದರೆ ₹10,000. ವಸೂಲಾಗದ ಬಿಲ್ಲು ಈ ಲೆಕ್ಕದಲ್ಲಿ ಎಲ್ಲಿಯೂ ಕಳೆದುಹೋಗಿಲ್ಲ.

ತಮ್ಮ ವರದಿಯಲ್ಲಿ ಈ ದೋಷವಿದೆಯೇ ಎಂದು ತಿಳಿಯಲು ಮುಕ್ತಾಯವಾದ ಒಂದು ತಿಂಗಳ ವರದಿಯನ್ನು ಇಂದು ಮತ್ತೆ ತೆಗೆದು, ಆಗ ಮುದ್ರಿಸಿಟ್ಟ ಪ್ರತಿಯೊಂದಿಗೆ ಹೋಲಿಸಿದರೆ ಸಾಕು. ವ್ಯತ್ಯಾಸವಿದ್ದರೆ ಆ ತಿಂಗಳ ರದ್ದಾದ ಮತ್ತು ವಸೂಲಾಗದ ಬಿಲ್ಲುಗಳ ಮೊತ್ತಗಳನ್ನು ಬೇರೆ ಬೇರೆಯಾಗಿ ಕೂಡಿ ನೋಡಬೇಕು. ವ್ಯತ್ಯಾಸ ಸಾಮಾನ್ಯವಾಗಿ ಇವೆರಡರಲ್ಲಿ ಒಂದಕ್ಕೆ, ಇಲ್ಲವೇ ಇವೆರಡರ ಮೊತ್ತಕ್ಕೆ ಸಮನಾಗಿರುತ್ತದೆ.